ಗೋಡೆಯೊಳಗಿನ ದಾರಿಗಳು: ಎಲೆಕ್ಟ್ರಿಷಿಯನ್ನರಿಗೆ ಒಂದು ಇ-ಮೇಲ್

ಹೊಸದಾಗಿ ಮನೆ ಕಟ್ಟಿಸುವವರು ದೀಪ, ಬೀಸಣಿಗೆ, ಸ್ವಿಚ್ಚುಗಳ ಸ್ಥಾನಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತುಮಾಡಿ ಎಲೆಕ್ಟ್ರಿಷಿಯನ್ನರಿಗೆ ತೋರಿಸುವುದು ವಾಡಿಕೆ. ಆದರೆ ಗಣಕಯಂತ್ರಗಳನ್ನು ಅಂತರಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಕೇಬಲ್ಲುಗಳ ವಿಷಯದಲ್ಲಿ ಈ ಗುರುತು ಸಾಲದು. ಸಾಕೆಟ್ಟು ಎಲ್ಲಿರಬೇಕೆಂಬುದು ಎಷ್ಟು ಮುಖ್ಯವೋ, ಅಲ್ಲಿಗೆ ಹೋಗುವ ಪೈಪು ಯಾವ ದಾರಿಯಲ್ಲಿ ಸಾಗಬೇಕೆಂಬುದೂ ಅಷ್ಟೇ ಮುಖ್ಯ. ಚಾವಣಿಗೆ ಕಾಂಕ್ರೀಟು ಸುರಿದ ಮೇಲೆ ಆ ದಾರಿಯನ್ನು ಬದಲಾಯಿಸುವಂತಿಲ್ಲ. ಆದುದರಿಂದ ಅದಕ್ಕೆ ಮುಂಚೆಯೇ ಎಲ್ಲವನ್ನೂ ಬರೆದು ಕಳುಹಿಸುವುದು ಲೇಸು. ಅಂತಹ ಪತ್ರದಲ್ಲಿ ಏನೇನು ಇರಬೇಕು, ಏಕೆ ಇರಬೇಕು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನದಲ್ಲಿ ಎರಡು ಅಂತಸ್ತಿನ ಮನೆಯೊಂದು ಏಳುತ್ತಿದೆಯೆಂದು ಭಾವಿಸಿರಿ. ಹೊರಗಿನಿಂದ ಬರುವ ಅಂತರಜಾಲದ ತಂತಿ ಕೆಳಗಿನ ಮೆಟ್ಟಿಲಿನಡಿಯ ಗೂಡಿಗೆ ಬರುವುದು. ಅದೇ ಈ ಮನೆಯ ಕೇಂದ್ರ. ದೀಪಗಳಿಗಾದರೆ ಒಂದು ತಂತಿಯಿಂದ ಇನ್ನೊಂದನ್ನು ಕವಲೊಡೆಯಿಸಬಹುದು. ನೆಟ್‌ವರ್ಕ್ ಕೇಬಲ್ಲಿನಲ್ಲಿ ಹಾಗೆ ಮಾಡುವಂತಿಲ್ಲ. ಕೇಂದ್ರದಿಂದ ಪ್ರತಿಯೊಂದು ಸಾಕೆಟ್ಟಿಗೂ ನಡುವೆ ಗಂಟಿಲ್ಲದ ಒಂದೊಂದು ಕೇಬಲ್ಲು ಹೋಗಬೇಕು. ನಮ್ಮ ಮನೆಯಲ್ಲಿ ಹಜಾರದ ದೂರದರ್ಶನದ ಗೋಡೆಗೆ ಎರಡು, ಮಹಡಿಯ ಓದುವ ಕೋಣೆಗೆ ಎರಡು, ಮಲಗುವ ಕೋಣೆಗೆ ಒಂದು, ವೈ-ಫೈ ಪೆಟ್ಟಿಗೆಗಾಗಿ ಮಹಡಿಯ ಚಾವಣಿಗೆ ಒಂದು, ಹೀಗೆ ಆರು ಕೇಬಲ್ಲುಗಳು ಬೇಕಾಗುತ್ತವೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟು ರೇಡಿಯೋ ಅಲೆಗಳನ್ನು ಬಹಳವಾಗಿ ಕುಗ್ಗಿಸುವುದರಿಂದ, ಕೆಳಗಿನ ಒಂದೇ ಪೆಟ್ಟಿಗೆಯನ್ನು ನಂಬಿದರೆ ಮಹಡಿಯಲ್ಲಿ ವೈ-ಫೈ ಸೊರಗುವುದು.

ಈಗ ಮೊದಲನೆಯ ಪ್ರಶ್ನೆ. ವಿದ್ಯುತ್ತಿನ ತಂತಿಗಳಿಗೆಂದು ಹಾಕಿದ ಪೈಪಿನಲ್ಲಿಯೇ ಈ ಕೇಬಲ್ಲುಗಳನ್ನೂ ಸೇರಿಸಿದರೇನು? ಸೇರಿಸಬಾರದು. ವಿದ್ಯುತ್ತಿನ ತಂತಿಯ ಹೊದಿಕೆ ಎಲ್ಲಿಯಾದರೂ ಹರಿದರೆ 230 ವೋಲ್ಟಿನ ಒತ್ತಡ ಗಣಕಯಂತ್ರಕ್ಕೆ ನುಗ್ಗೀತು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಪ್ರೇರಣೆಗೆ ಸಂಬಂಧಿಸಿದುದು. ಮಿಕ್ಸಿಯ ಮೋಟಾರು ತಿರುಗುವಾಗ, ಪಂಪು ಚಾಲೂ ಆಗುವಾಗ, ತಂತಿಯ ಸುತ್ತಲಿನ ಕಾಂತಕ್ಷೇತ್ರ ಥಟ್ಟನೆ ಬದಲಾಗುವುದು. ಬದಲಾಗುವ ಕಾಂತಕ್ಷೇತ್ರ ನೆರೆಯ ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸುವುದೆಂದು ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟನು.

ಇದಕ್ಕೆ ಪರಿಹಾರವೆಂದೇ ನೆಟ್‌ವರ್ಕ್ ಕೇಬಲ್ಲಿನೊಳಗೆ ಎಂಟು ತಂತಿಗಳನ್ನು ನಾಲ್ಕು ಜೋಡಿಗಳಾಗಿ ಹುರಿಗೊಳಿಸಿರುತ್ತಾರೆ. ಹುರಿಯ ಒಂದು ಅರ್ಧಸುತ್ತಿನಲ್ಲಿ ಪ್ರೇರಿತವಾದ ವಿಭವವನ್ನು ಮುಂದಿನ ಅರ್ಧಸುತ್ತಿನ ವಿರುದ್ಧ ವಿಭವ ಅಳಿಸಿಹಾಕುವುದು. ಆದರೆ ಯಾವ ಹುರಿಯೂ ಪರಿಪೂರ್ಣವಲ್ಲ. ಅಳಿದುಳಿದ ಗದ್ದಲ ಇದ್ದೇ ಇರುವುದು. ಅದನ್ನು ತಗ್ಗಿಸಲು ದೂರವೇ ಸುಲಭವಾದ ಉಪಾಯ. ಹೋಗುವ ಮತ್ತು ಮರಳುವ ಪ್ರವಾಹಗಳೆರಡೂ ಒಂದೇ ಪೈಪಿನಲ್ಲಿ ಅಕ್ಕಪಕ್ಕದಲ್ಲಿದ್ದರೆ, ಅವುಗಳ ಒಟ್ಟು ಕಾಂತಕ್ಷೇತ್ರ ಸುಮಾರಾಗಿ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದು. ಎರಡು ಸೆಂಟಿಮೀಟರಿನ ಅಂತರವನ್ನು ಇಪ್ಪತ್ತಕ್ಕೆ ಏರಿಸಿದರೆ ಕ್ಷೇತ್ರ ನೂರರಲ್ಲಿ ಒಂದು ಪಾಲಾಗುವುದು. ಒಂದು ಗೇಣಿನಷ್ಟು ಅಂತರದಿಂದ ಇಷ್ಟು ಲಾಭ! ಎರಡು ಬಗೆಯ ಪೈಪುಗಳು ಅಡ್ಡ ಹಾಯಲೇಬೇಕಾದಲ್ಲಿ ಲಂಬಕೋನದಲ್ಲಿ ಹಾಯಲಿ. ಆಗ ಜೊತೆಜೊತೆಯಾಗಿ ಸಾಗುವ ಉದ್ದ ಅತ್ಯಲ್ಪವಾಗುವುದು.

ಎರಡನೆಯ ಪ್ರಶ್ನೆ ಪೈಪಿನ ತಿರುವುಗಳದು. ಈ ಬಗೆಯ ಕೇಬಲ್ಲು ನೂರು ಮೀಟರಿನವರೆಗೂ ಕೆಲಸಮಾಡಬಲ್ಲದು. ನಮ್ಮ ಮನೆಯಲ್ಲಿ ಅತಿ ಉದ್ದದ ದಾರಿಯೂ ಇಪ್ಪತ್ತು ಮೀಟರನ್ನು ಮೀರದು. ಆದುದರಿಂದ ತೊಂದರೆ ಉದ್ದದಿಂದ ಬರುವುದಿಲ್ಲ, ಎಳೆಯುವುದರಿಂದ ಬರುತ್ತದೆ. ಸುಮಾರು 110 ನ್ಯೂಟನ್ನಿಗಿಂತ ಹೆಚ್ಚಿನ ಬಲದಿಂದ ಎಳೆದರೆ ಒಳಗಿನ ಹುರಿ ಸಡಿಲವಾಗಿ, ಹೊರಗೆ ಏನೂ ಕಾಣದಿದ್ದರೂ ಕೇಬಲ್ಲು ಕೆಡಬಹುದು. ಬಾವಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ತುಂಬಿದ ಕೊಡವನ್ನೂ ಒಂದು ಕೈಯಲ್ಲಿ ತಡೆದು ನಿಲ್ಲಿಸಬಹುದಲ್ಲವೆ? ತಿರುವಿನಲ್ಲಿ ಘರ್ಷಣೆ ಕೂಡಿಕೊಳ್ಳುತ್ತ ಹೋಗುವುದಿಲ್ಲ, ಗುಣಿಸಿಕೊಳ್ಳುತ್ತ ಹೋಗುತ್ತದೆ. ಘರ್ಷಣಾಂಕವನ್ನು 0.4 ಎಂದಿಟ್ಟುಕೊಂಡರೆ, ಒಂದೊಂದು ಲಂಬಕೋನದ ತಿರುವೂ ಎಳೆತವನ್ನು e^(0.4 × π/2), ಅಂದರೆ 1.87ರಷ್ಟು ಹೆಚ್ಚಿಸುವುದು. ಹತ್ತು ನ್ಯೂಟನ್ನಿನಿಂದ ಆರಂಭವಾದ ಎಳೆತ ಎರಡು ತಿರುವುಗಳ ಬಳಿಕ 35, ಮೂರರ ಬಳಿಕ 65, ನಾಲ್ಕರ ಬಳಿಕ 122 ನ್ಯೂಟನ್ ಆಗುವುದು. ನಾಲ್ಕನೆಯ ತಿರುವಿನಲ್ಲಿ ಮಿತಿ ಮೀರಿತು! ಆದುದರಿಂದಲೇ ಎರಡು ತಿರುವುಗಳಾದ ಮೇಲೆ ಒಂದು ತೆರೆಯಬಹುದಾದ ಪೆಟ್ಟಿಗೆಯನ್ನಿಟ್ಟು, ಅಲ್ಲಿಂದ ಹೊಸದಾಗಿ ಎಳೆಯಬೇಕು.

ಪೈಪಿನ ಗಾತ್ರಕ್ಕೂ ಹೀಗೆಯೇ ಲೆಕ್ಕವಿದೆ. ಕೇಬಲ್ಲಿನ ವ್ಯಾಸ ಸುಮಾರು 6 ಮಿ.ಮೀ.; ಅದರ ಅಡ್ಡಕೊಯ್ತ 28 ಚದರ ಮಿ.ಮೀ. ಇಪ್ಪತ್ತೈದು ಮಿ.ಮೀ. ಪೈಪಿನ ಒಳವ್ಯಾಸ ಸುಮಾರು 21. ಅದರ ಅಡ್ಡಕೊಯ್ತ 346. ಪೈಪಿನ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದೆಂಬುದು ರೂಢಿಯ ನಿಯಮ. ನಾಲ್ಕು ಕೇಬಲ್ಲುಗಳು ಮೂರನೆಯ ಒಂದು ಪಾಲನ್ನು ಆಕ್ರಮಿಸುತ್ತವೆ. ಐದನೆಯದು ಸೇರಿದರೆ ಮಿತಿ ದಾಟುವುದು. ಮಹಡಿಗೆ ಹೋಗುವ ನಾಲ್ಕು ಕೇಬಲ್ಲುಗಳಿಗೆ ಒಂದು ಪೈಪು ಸಾಕಾದರೂ, ಮುಂದಿನ ಅಗತ್ಯಕ್ಕೆ ಅದರಲ್ಲಿ ಎಡೆಯಿಲ್ಲ. ಅದಕ್ಕಾಗಿಯೇ ಪಕ್ಕದಲ್ಲಿ ಒಂದು ಖಾಲಿ ಪೈಪನ್ನು ಹಾಕಿಸುವುದು ವಿವೇಕ.

ಇಷ್ಟನ್ನು ತಿಳಿದ ಮನೆಯೊಡೆಯರು ಬರೆಯುವ ಇ-ಮೇಲ್ ಹೀಗಿರಬಹುದು:

“ಮಾನ್ಯರೇ, ಚಾವಣಿಗೆ ಕಾಂಕ್ರೀಟು ಹಾಕುವ ಮೊದಲು ಈ ಕೆಳಗಿನಂತೆ ಪೈಪುಗಳನ್ನು ಕೂರಿಸಿಕೊಡಬೇಕಾಗಿ ಕೋರುತ್ತೇನೆ. ಎಲ್ಲವೂ 25 ಮಿ.ಮೀ.ನವು, ಎಲ್ಲವೂ ಮೆಟ್ಟಿಲಿನಡಿಯ ಗೂಡಿನಿಂದ ಹೊರಡಬೇಕು.

1. ಹಜಾರದ ಪೂರ್ವದ ಗೋಡೆಗೆ ಒಂದು ಪೈಪು, ಎರಡು ಕೇಬಲ್ಲು.

2. ಮಹಡಿಯ ನಡುಮನೆಯ ಪೆಟ್ಟಿಗೆಗೆ ಎರಡು ಪೈಪು. ಒಂದರಲ್ಲಿ ನಾಲ್ಕು ಕೇಬಲ್ಲು. ಇನ್ನೊಂದು ಖಾಲಿ, ಒಳಗೆ ನೈಲಾನ್ ದಾರವಿರಲಿ.

3. ಆ ಪೆಟ್ಟಿಗೆಯಿಂದ ಓದುವ ಕೋಣೆಗೆ ಎರಡು ಕೇಬಲ್ಲು, ಮಲಗುವ ಕೋಣೆಗೆ ಒಂದು, ಚಾವಣಿಯ ನಡುವಿಗೆ ಒಂದು, ಬೇರೆ ಬೇರೆ ಪೈಪುಗಳಲ್ಲಿ. ಪೆಟ್ಟಿಗೆಯಲ್ಲಿ ಕೇಬಲ್ಲನ್ನು ಕತ್ತರಿಸಬೇಡಿ.

4. ವಿದ್ಯುತ್ತಿನ ಪೈಪಿನಿಂದ 20 ಸೆಂ.ಮೀ. ದೂರವಿರಲಿ. ಎರಡು ಎಳೆವ ಪೆಟ್ಟಿಗೆಗಳ ನಡುವೆ ಎರಡಕ್ಕಿಂತ ಹೆಚ್ಚು ತಿರುವು ಬೇಡ, ತಿರುವುಗಳು ಅಗಲವಾಗಿರಲಿ.

5. ಪ್ರತಿ ಸಾಕೆಟ್ಟಿನಲ್ಲೂ ಒಂದಡಿ ಕೇಬಲ್ಲನ್ನು ಹೆಚ್ಚಾಗಿ ಬಿಡಿ. ಎರಡು ತುದಿಗಳಲ್ಲೂ ಒಂದೇ ಸಂಖ್ಯೆ ಬರೆಯಿರಿ.”

ಕೆಲಸ ಮುಗಿದ ಮೇಲೆ ಪರೀಕ್ಷೆಯೂ ಆಗಬೇಕು. ಗಣಕಯಂತ್ರವನ್ನು ಸಾಕೆಟ್ಟಿಗೆ ಜೋಡಿಸಿ ಸಂಪರ್ಕದ ವೇಗವನ್ನು ನೋಡಿರಿ. 1000 Mbps ಬರಬೇಕಾದಲ್ಲಿ 100 Mbps ಎಂದಿದ್ದರೆ ಯಾವುದೋ ತಂತಿ ಸೇರಿಲ್ಲವೆಂದು ಶಂಕಿಸಬೇಕು. ಹೆಚ್ಚಿನ ವೇಗಕ್ಕೆ ನಾಲ್ಕು ಜೋಡಿಗಳೂ ಬೇಕು, ಕಡಿಮೆಯದಕ್ಕೆ ಎರಡು ಸಾಕು.

ಇದಕ್ಕಿಂತ ಮೋಸದ ದೋಷ ಇನ್ನೊಂದಿದೆ. ಸಾಕೆಟ್ಟಿನ ಎಂಟು ಸ್ಥಾನಗಳಲ್ಲಿ 1 ಮತ್ತು 2 ಒಂದು ಜೋಡಿ, 4 ಮತ್ತು 5 ಒಂದು, 7 ಮತ್ತು 8 ಒಂದು; ಉಳಿದ 3 ಮತ್ತು 6 ದೂರ ದೂರವಿದ್ದರೂ ಒಂದೇ ಜೋಡಿಯವು. ಇದನ್ನರಿಯದೆ 3ನ್ನು 4ರ ಜೊತೆಗೂ 5ನ್ನು 6ರ ಜೊತೆಗೂ ಹುರಿಯಾದ ತಂತಿಗಳಿಂದ ಸೇರಿಸಿದರೆ, ಎರಡು ತುದಿಗಳಲ್ಲೂ ಹಾಗೆಯೇ ಮಾಡಿದ್ದರೆ, ದೀಪ ಬೆಳಗಿಸಿ ಪರೀಕ್ಷಿಸುವ ಅಗ್ಗದ ಉಪಕರಣ ಎಲ್ಲವೂ ಸರಿಯೆಂದೇ ತೋರಿಸುವುದು. ತಂತಿ ತುದಿಯಿಂದ ತುದಿಗೆ ಸೇರಿದೆ, ನಿಜ. ಆದರೆ ಸಂಕೇತವನ್ನು ಹೊರುವ ಎರಡು ತಂತಿಗಳು ಒಂದರೊಡನೊಂದು ಹುರಿಯಾಗಿಲ್ಲ. ಗದ್ದಲವನ್ನು ಅಳಿಸುತ್ತಿದ್ದ ಉಪಾಯವೇ ಅಲ್ಲಿ ಇಲ್ಲವಾಯಿತು. ಅಂತಹ ಸಾಕೆಟ್ಟಿನಲ್ಲಿ ಸಂಪರ್ಕ ಒಮ್ಮೆ ಬಂದು ಒಮ್ಮೆ ಹೋಗುತ್ತಿರುವುದು. ಆಗ ಗೋಡೆಯನ್ನು ಒಡೆಯಬೇಕಾಗಿಲ್ಲ. ಸಾಕೆಟ್ಟಿನ ಮುಚ್ಚಳ ತೆಗೆದು, ಒಂದಡಿ ಹೆಚ್ಚಾಗಿ ಬಿಟ್ಟ ಕೇಬಲ್ಲಿನ ತುದಿ ಕತ್ತರಿಸಿ, ಬಣ್ಣದ ಕ್ರಮದಂತೆ ಮತ್ತೆ ಜೋಡಿಸಿದರೆ ಸಾಕು. ಆದರೆ ಹುರಿಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು.