ಸಕ್ಕರೆಯ ಜಾಗಕ್ಕೆ ಬೆಲ್ಲ ಬಂದಾಗ

ಸಕ್ಕರೆ ಎಷ್ಟು ಹೇಳಿದೆಯೋ ಅಷ್ಟೇ ಬೆಲ್ಲ ಹಾಕಿ ಎನ್ನುವ ಕೇಕಿನ ವಿಧಾನಗಳು ಈಗ ಎಲ್ಲೆಲ್ಲೂ ಸಿಗುತ್ತವೆ. ಹಾಗೆ ಮಾಡಿದ ಕೇಕು ಒಂದು ಸಲ ಸೊಗಸಾಗಿ ಬರುತ್ತದೆ. ಮತ್ತೊಂದು ಸಲ ಅದೇ ಅಳತೆಯಲ್ಲಿ ಮಾಡಿದರೂ ನಡು ಕುಸಿಯುತ್ತದೆ, ತಳದಲ್ಲಿ ಅಂಟಂಟಾದ ಪದರ ಉಳಿಯುತ್ತದೆ, ಮೇಲ್ಭಾಗ ಬೇಯುವ ಮೊದಲೇ ಕಪ್ಪಾಗುತ್ತದೆ. ತಪ್ಪು ಕೈಯದಲ್ಲ, ಓವನ್ನಿನದೂ ಅಲ್ಲ. ಬೆಲ್ಲದೊಳಗೆ ಏನೇನಿದೆ ಎಂಬುದನ್ನು ಆ ಅಳತೆ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಅಂಗಡಿಯ ಬಿಳಿ ಸಕ್ಕರೆಯಲ್ಲಿ ಸುಕ್ರೋಸ್ ಬಿಟ್ಟರೆ ಬೇರೇನೂ ಇಲ್ಲವೆಂದೇ ಹೇಳಬಹುದು. ನೀರಿನಂಶವಂತೂ ಲೆಕ್ಕಕ್ಕೇ ಬರುವುದಿಲ್ಲ. ಬೆಲ್ಲದಲ್ಲಿ ಸುಕ್ರೋಸ್ ಸಾಮಾನ್ಯವಾಗಿ ನೂರಕ್ಕೆ 65ರಿಂದ 85ರಷ್ಟಿರುತ್ತದೆ. ಉಳಿದದ್ದರಲ್ಲಿ ನೀರಿದೆ, ಕಬ್ಬಿನ ಖನಿಜಗಳಿವೆ, ಸ್ವಲ್ಪ ಹುಳಿ ಇದೆ. ಇವೆಲ್ಲಕ್ಕಿಂತ ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಿವೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅದರ ಹುಳಿ ಮತ್ತು ಬಿಸಿ ಸೇರಿ ಒಂದಿಷ್ಟು ಸುಕ್ರೋಸನ್ನು ಒಡೆದು ಈ ಎರಡನ್ನು ಮಾಡುತ್ತವೆ. ಕಬ್ಬು ಕಡಿದು ದಿನಗಟ್ಟಲೆ ಬಿಸಿಲಿಗೆ ಬಿದ್ದಿದ್ದರೆ ಗಾಣಕ್ಕೆ ಬರುವ ಮೊದಲೇ ಈ ಒಡೆಯುವಿಕೆ ಶುರುವಾಗಿರುತ್ತದೆ. ಅಂಥ ಕಬ್ಬಿನ ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ, ಮೆತ್ತಗೆ ಬೆವರುತ್ತಿರುತ್ತದೆ. ಆದ್ದರಿಂದ ಬೆಲ್ಲ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಅದನ್ನು ಮುರಿದು ನೋಡುವುದು ಒಳ್ಳೆಯದು. ಟಕ್ಕನೆ ಮುರಿದು, ಮುರಿದ ಕಡೆ ಹರಳು ಹರಳಾಗಿ ಕಂಡರೆ ಸುಕ್ರೋಸ್ ಹೆಚ್ಚಿದೆ. ಬೆರಳಿಗೆ ಅಂಟಿ, ಒತ್ತಿದರೆ ತಗ್ಗಾದರೆ ನೀರು ಮತ್ತು ಸರಳ ಸಕ್ಕರೆಗಳು ಹೆಚ್ಚಿವೆ. ಪಾತ್ರೆಯಲ್ಲಿ ಮುಂದೆ ನಡೆಯುವ ಬಹುಪಾಲು ಸಂಗತಿಗಳನ್ನು ಈ ವ್ಯತ್ಯಾಸವೇ ನಿರ್ಧರಿಸುತ್ತದೆ.

ಮೊದಲು ನೀರಿನ ಲೆಕ್ಕ ನೋಡೋಣ. ಬೆಲ್ಲ ಹಾಕಿದರೆ ಹಿಟ್ಟಿನ ದ್ರವವನ್ನು ಕಾಲು ಕಪ್ ಕಡಿಮೆ ಮಾಡಿ ಎಂಬ ಸಲಹೆಯನ್ನು ಅನೇಕರು ಕೇಳಿರುತ್ತಾರೆ. ಗಟ್ಟಿ ಬೆಲ್ಲಕ್ಕೆ ಈ ಸಲಹೆ ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ. ನೂರಕ್ಕೆ ಆರರಷ್ಟು ನೀರಿರುವ 200 ಗ್ರಾಂ ಅಚ್ಚುಬೆಲ್ಲ ಕೇಕಿಗೆ ತರುವ ನೀರು 12 ಗ್ರಾಂ, ಅಂದರೆ ಒಂದು ದೊಡ್ಡ ಚಮಚಕ್ಕೂ ಕಡಿಮೆ. ಅಷ್ಟಕ್ಕೇ ಕಾಲು ಕಪ್ ಹಾಲು ತೆಗೆದುಬಿಟ್ಟರೆ ಕೇಕು ಒಣಗಿ ಬಿರಿಯುತ್ತದೆ. ಮಲೆನಾಡಿನ ಜೋನಿ ಬೆಲ್ಲಕ್ಕಾದರೆ ಆ ಸಲಹೆ ಸರಿಯಾಗಿದೆ. ಜೋನಿಯಲ್ಲಿ ನೀರು ಸುಮಾರು ನೂರಕ್ಕೆ 30ರ ಆಸುಪಾಸು ಇರುವುದರಿಂದ 200 ಗ್ರಾಂ ಜೋನಿ ಸುಮಾರು 60 ಗ್ರಾಂ ನೀರನ್ನು ಜೊತೆಗೇ ತರುತ್ತದೆ, ಅದೇ ಕಾಲು ಕಪ್. ಜೇನು, ಜೋನಿಯಂಥ ದ್ರವ ಸಿಹಿಗೆ ತಕ್ಕ ಮಾತನ್ನು ಅಚ್ಚುಬೆಲ್ಲಕ್ಕೂ ಅನ್ವಯಿಸುವುದರಿಂದಲೇ ಈ ಗೊಂದಲ.

ಆದರೆ ಗಟ್ಟಿ ಬೆಲ್ಲದಲ್ಲೂ ನೀರು ಇನ್ನೊಂದು ದಾರಿಯಿಂದ ಒಳಗೆ ಬರುತ್ತದೆ. ಬೆಲ್ಲದಲ್ಲಿ ಮರಳು, ಕಬ್ಬಿನ ನಾರು ಇರುವುದರಿಂದ ನಾವು ಅದನ್ನು ನೀರಲ್ಲಿ ಕರಗಿಸಿ ಶೋಧಿಸುತ್ತೇವೆ. ಕರಗಿಸಲು ಹಾಕಿದ ಆ ನೀರನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಮರೆಯುತ್ತೇವೆ. ನಡು ಕುಸಿದ ಬೆಲ್ಲದ ಕೇಕುಗಳಲ್ಲಿ ಹೆಚ್ಚಿನವು ಕುಸಿಯುವುದು ಈ ಮರೆವಿನಿಂದ.

ಮೊಸರು ಹಾಕಿ ಮಾಡುವ, ಮೊಟ್ಟೆಯಿಲ್ಲದ ಒಂದು ಸಾದಾ ಕೇಕನ್ನೇ ತೆಗೆದುಕೊಳ್ಳಿ. ಸಕ್ಕರೆಯ ಅಳತೆ ಹೀಗಿರುತ್ತದೆ: ಮೈದಾ 200 ಗ್ರಾಂ, ಸಕ್ಕರೆ 200 ಗ್ರಾಂ, ಮೊಸರು 240 ಗ್ರಾಂ, ಎಣ್ಣೆ 100 ಮಿಲಿ, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ. ಇದನ್ನು ಬೆಲ್ಲಕ್ಕೆ ತಿರುಗಿಸುವಾಗ 200 ಗ್ರಾಂ ಬೆಲ್ಲವನ್ನು ತೂಗಿಯೇ ತೆಗೆದುಕೊಳ್ಳಬೇಕು. ಹೆರೆದ ಬೆಲ್ಲ ಕಪ್ಪಿನಲ್ಲಿ ಸಡಿಲವಾಗಿ ಕೂರುವುದರಿಂದ ಕಪ್ಪಿನ ಅಳತೆಯನ್ನು ನಂಬುವಂತಿಲ್ಲ. ಬೆಲ್ಲವನ್ನು ನಾಲ್ಕು ದೊಡ್ಡ ಚಮಚ, ಅಂದರೆ 60 ಮಿಲಿ ನೀರಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಕುದಿ ಬರುವ ಮೊದಲೇ ಇಳಿಸಿ, ಶೋಧಿಸಿ, ಪೂರ್ತಿ ಆರಲು ಬಿಡಿ. ಈಗ 60 ಮಿಲಿ ಹೊರಗಿನ ನೀರು, ಬೆಲ್ಲದ್ದೇ ಆದ 12 ಗ್ರಾಂ ಸೇರಿ ಸುಮಾರು 70 ಗ್ರಾಂ ಆಯಿತು. ಮೊಸರಿನ ಬಹುಪಾಲು ನೀರೇ ಆದ್ದರಿಂದ ಅದನ್ನು 240ರಿಂದ 170 ಗ್ರಾಮಿಗೆ ಇಳಿಸಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಬಿಸಿ ಪಾಕವನ್ನು ಮೊಸರಿಗೆ ಸುರಿದರೆ ಮೊಸರು ಒಡೆಯುತ್ತದೆ, ಸೋಡಾ ಕೂಡ ಓವನ್ ಸೇರುವ ಮೊದಲೇ ಉಬ್ಬಿ ಮುಗಿದಿರುತ್ತದೆ. ಅದಕ್ಕೇ ಆರಿಸುವುದು.

ಮೊಸರು ಕಡಿಮೆಯಾದರೆ ಅದರ ಹುಳಿಯೂ ಕಡಿಮೆಯಾಯಿತಲ್ಲ, ಸೋಡಾ ಕೆಲಸ ಮಾಡುವುದು ಹೇಗೆ? ಇಲ್ಲಿ ಬೆಲ್ಲವೇ ಸಹಾಯಕ್ಕೆ ಬರುತ್ತದೆ. ಬೆಲ್ಲ ತುಸು ಹುಳಿ ಗುಣದ್ದು. ಕರಗಿಸಿದಾಗ ಅದರ ಪಿಎಚ್ ಸಾಮಾನ್ಯವಾಗಿ 5ರಿಂದ 6ರ ನಡುವೆ ಇರುತ್ತದೆ. ಹಾಗಾಗಿ ಅರ್ಧ ಚಮಚ ಸೋಡಾವನ್ನು ಹಾಗೆಯೇ ಉಳಿಸಿ, ಬೇಕಿಂಗ್ ಪೌಡರನ್ನು ಒಂದು ಚಮಚಕ್ಕೆ ಇಳಿಸಿದರೆ ಸಾಕು. ಬೆಲ್ಲದ ಹುಳಿ ದೊಡ್ಡದಲ್ಲ ಎಂಬುದೂ ನೆನಪಿರಲಿ. ಅದನ್ನೇ ನಂಬಿ ಸೋಡಾ ಏರಿಸಿದರೆ, ಹುಳಿ ಸಿಗದೆ ಉಳಿದ ಸೋಡಾ ಸಾಬೂನಿನ ರುಚಿ ಬಿಡುತ್ತದೆ, ಕೇಕಿನ ಒಳಭಾಗವೂ ಕೆಂಪು ಕಪ್ಪಾಗುತ್ತದೆ. ಬೆಲ್ಲದಿಂದಲೇ ಬಂದ ಬಣ್ಣವೋ ಸೋಡಾದಿಂದ ಬಂದದ್ದೋ ಎಂಬುದನ್ನು ನಾಲಿಗೆಯೇ ಹೇಳುತ್ತದೆ.

ಬಣ್ಣದ ಮಾತು ಬಂದಿದ್ದರಿಂದ ಓವನ್ನಿನ ಶಾಖವನ್ನೂ ಹೇಳಿಬಿಡುತ್ತೇನೆ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹಿಟ್ಟಿನ, ಹಾಲಿನ ಪ್ರೋಟೀನುಗಳ ಜೊತೆ ಸೇರಿ ಸುಕ್ರೋಸಿಗಿಂತ ಬೇಗ ಕಂದು ಬಣ್ಣ ಕಟ್ಟುತ್ತವೆ. 180 ಡಿಗ್ರಿಯಲ್ಲಿ ಸಕ್ಕರೆ ಕೇಕು ಹೊಂಬಣ್ಣಕ್ಕೆ ಬರುವ ಹೊತ್ತಿಗೆ ಬೆಲ್ಲದ ಕೇಕಿನ ಅಂಚು ಸೀಯತೊಡಗಿರುತ್ತದೆ. ಮೇಲ್ಪದರ ಬೇಗ ಗಟ್ಟಿಯಾಗಿ, ಒಳಗಿನದು ಆಮೇಲೆ ಉಬ್ಬಿ ಅದನ್ನು ಸೀಳುವುದೂ ಉಂಟು. 165 ಡಿಗ್ರಿಗೆ ಇಳಿಸಿ, ಐದರಿಂದ ಹತ್ತು ನಿಮಿಷ ಹೆಚ್ಚು ಕೊಡಬೇಕು. ಮುಕ್ಕಾಲು ಹೊತ್ತು ಕಳೆದ ಮೇಲೂ ಬಣ್ಣ ಏರುತ್ತಿದ್ದರೆ ಮೇಲೊಂದು ಫಾಯಿಲ್ ಹೊದಿಸಬಹುದು. ಬೆಂದಿದೆಯೇ ಎಂದು ಬಣ್ಣ ನೋಡಿ ತೀರ್ಮಾನಿಸುವ ಅಭ್ಯಾಸವನ್ನು ಬೆಲ್ಲದ ಕೇಕಿನಲ್ಲಿ ಬಿಡಲೇಬೇಕು. ನಡುವೆ ಕಡ್ಡಿ ಚುಚ್ಚಿ, ಹಸಿ ಹಿಟ್ಟು ಅಂಟದೆ ಬಂದರೆ ಮಾತ್ರ ಹೊರಗೆ ತೆಗೆಯಿರಿ. ಹೀಗೆ ಬಂದ ಕೇಕು ಸಕ್ಕರೆಯದಕ್ಕಿಂತ ತುಸು ಬಿಗಿಯಾಗಿರುತ್ತದೆ, ಸಿಹಿ ಒಂದಿಷ್ಟು ಕಡಿಮೆ. ಮರುದಿನಕ್ಕೂ ಮೆತ್ತಗೆ ಉಳಿಯುತ್ತದೆ, ಫ್ರಕ್ಟೋಸ್ ನೀರನ್ನು ಬಿಟ್ಟುಕೊಡುವುದಿಲ್ಲವಾದ್ದರಿಂದ.

ಬೆಣ್ಣೆ ಮತ್ತು ಸಕ್ಕರೆಯನ್ನು ನೊರೆ ಬರುವಂತೆ ಕಡೆದು ಮಾಡುವ ಕೇಕಿಗೆ ಮಾತ್ರ ನಾನು ಪೂರ್ತಿ ಬೆಲ್ಲ ಹಾಕಲು ಹೇಳುವುದಿಲ್ಲ. ಅಲ್ಲಿ ಸಕ್ಕರೆಯ ಚೂಪು ಹರಳುಗಳು ಬೆಣ್ಣೆಯನ್ನು ಕೊರೆದು ಗಾಳಿಯ ಗುಳ್ಳೆಗಳನ್ನು ತುಂಬುತ್ತವೆ. ಕೇಕು ಹಗುರಾಗುವುದು ಅದರಿಂದಲೇ. ತೇವದ ಬೆಲ್ಲದ ಪುಡಿ ಆ ಕೆಲಸ ಮಾಡದೆ ಬೆಣ್ಣೆಯಲ್ಲಿ ಗಂಟು ಕಟ್ಟುತ್ತದೆ. ಗರಿಗರಿ ಬಿಸ್ಕತ್ತಿಗೂ ಅರ್ಧ ಬೆಲ್ಲ, ಅರ್ಧ ಸಕ್ಕರೆಯೇ ಸರಿ. ಪೂರ್ತಿ ಬೆಲ್ಲವಾದರೆ ಮಳೆಗಾಲದಲ್ಲಿ ಡಬ್ಬಿಯೊಳಗೇ ಮೆತ್ತಗಾಗುತ್ತವೆ.

ಇನ್ನು ಒಲೆಯ ಮೇಲಿನ ಸಿಹಿ. ಬೆಲ್ಲದ ಹುಳಿ ಕೇಕಿನಲ್ಲಿ ಗೆಳೆಯನಾದರೆ ಹಾಲಿನ ಪಾಯಸದಲ್ಲಿ ತೊಂದರೆ ಕೊಡುತ್ತದೆ. ಹಾಲಿನ ಪಿಎಚ್ ಸುಮಾರು 6.7. ತಣ್ಣಗಿರುವಾಗ ಒಂದಿಷ್ಟು ಹುಳಿ ಬಿದ್ದರೂ ಹಾಲು ತಡೆದುಕೊಳ್ಳುತ್ತದೆ, ಕುದಿಯುವಾಗ ಅಷ್ಟೇ ಹುಳಿಗೆ ಅದರ ಪ್ರೋಟೀನು ಗಂಟು ಕಟ್ಟಿ ಒಡೆಯುತ್ತದೆ. ಬೆಲ್ಲದ ಖನಿಜಗಳು, ಅದರಲ್ಲೂ ಕಬ್ಬಿನ ಹಾಲನ್ನು ತಿಳಿಯಾಗಿಸಲು ಹಾಕಿದ ಸುಣ್ಣದ ಕ್ಯಾಲ್ಸಿಯಂ, ಒಡೆಯುವುದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತವೆ. ನಮ್ಮ ಅಡುಗೆಮನೆಗಳಲ್ಲಿ ಬೆಲ್ಲದ ಪಾಯಸಕ್ಕೆ ಹೆಚ್ಚಾಗಿ ತೆಂಗಿನಕಾಯಿ ಹಾಲು, ಹಸುವಿನ ಹಾಲಿನ ಶಾವಿಗೆ ಪಾಯಸಕ್ಕೆ ಸಕ್ಕರೆ ಎಂಬ ಜೋಡಿ ಬೆಳೆದುಬಂದದ್ದರಲ್ಲಿ ಅರ್ಥವಿದೆ.

ಹಸುವಿನ ಹಾಲಿಗೇ ಬೆಲ್ಲ ಬೇಕೆಂದರೆ ದಾರಿ ಇದೆ. ಅಕ್ಕಿಯನ್ನು ಹಾಲಿನಲ್ಲಿ ಪೂರ್ತಿ ಬೇಯಿಸಿ, ಒಲೆಯಿಂದ ಇಳಿಸಿ, ಬೆರಳು ಅದ್ದಿದರೆ ಸಹಿಸುವಷ್ಟು ಆರಲು ಬಿಡಿ. ಬೆಲ್ಲವನ್ನು ಬೇರೆ ಕರಗಿಸಿ, ಒಂದು ಕುದಿ ಬರಿಸಿ, ಶೋಧಿಸಿ ಉಗುರುಬೆಚ್ಚಗಾದ ಮೇಲೆ ಸ್ವಲ್ಪ ಸ್ವಲ್ಪವೇ ಬೆರೆಸಿ. ಆಮೇಲೆ ಮತ್ತೆ ಕುದಿಸುವಂತಿಲ್ಲ. ಅಕ್ಕಿಯನ್ನು ಮೊದಲೇ ಬೇಯಿಸಬೇಕಾದ್ದಕ್ಕೂ ಕಾರಣವಿದೆ, ಬೆಲ್ಲ ಬಿದ್ದ ಮೇಲೆ ಕಾಳು ಮೆತ್ತಗಾಗುವುದು ತೀರಾ ನಿಧಾನವಾಗುತ್ತದೆ. ಹೋಳಿಗೆಯ ಹೂರಣಕ್ಕೆ ಬೇಳೆ ಬೆಂದ ನಂತರವೇ ಬೆಲ್ಲ ಹಾಕುವುದೂ ಇದಕ್ಕೇ. ಹೊಸ ಬೆಲ್ಲ ತಂದಾಗ ಒಂದು ಸಣ್ಣ ಬಟ್ಟಲಿನಲ್ಲಿ ಎರಡು ಚಮಚ ಕುದಿವ ಹಾಲಿಗೆ ಒಂದು ಚೂರು ಬೆಲ್ಲ ಹಾಕಿ ನೋಡಿ. ಕೂಡಲೇ ನೀರು ಬೇರೆಯಾದರೆ ಅದು ಹೆಚ್ಚು ಹುಳಿಯಾದ, ಬಹುಶಃ ಹಳೆಯ ಬೆಲ್ಲ. ಪಾಕಕ್ಕೆ ಒಂದು ಚಿಟಿಕೆ ಸೋಡಾ ಹಾಕಿ ಹುಳಿ ಮುರಿಯಬಹುದು. ಚಿಟಿಕೆಗಿಂತ ಹೆಚ್ಚು ಬೇಡ.

ಕೊಬ್ಬರಿ ಮಿಠಾಯಿಯಲ್ಲಿ ಸಮಸ್ಯೆಯೇ ಬೇರೆ. ಸಕ್ಕರೆಯ ಒಂದೆಳೆ ಪಾಕಕ್ಕೆ ಕಾಯಿತುರಿ ಹಾಕಿ ಕೆದಕಿದರೆ, ಆರುತ್ತಾ ಸುಕ್ರೋಸ್ ಮತ್ತೆ ಹರಳುಗಟ್ಟುತ್ತದೆ, ಬಿಲ್ಲೆ ಗಟ್ಟಿಯಾಗಿ ಕತ್ತರಿಸಲು ಬರುತ್ತದೆ. ಬೆಲ್ಲದ ಪಾಕದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಕಣಗಳು ಸುಕ್ರೋಸ್ ಕಣಗಳ ನಡುವೆ ನುಸುಳಿ ಹರಳು ಕಟ್ಟಲು ಬಿಡುವುದಿಲ್ಲ. ಅದೇ ಒಂದೆಳೆಗೆ ನಿಲ್ಲಿಸಿದರೆ ತಟ್ಟೆಯಲ್ಲಿ ಹರಡಿದ್ದು ಮರುದಿನವೂ ಜಿಗುಟಾಗಿಯೇ ಇರುತ್ತದೆ. ಅದಕ್ಕೆ ಗಟ್ಟಿ, ಹರಳು ಹರಳಾದ ಬೆಲ್ಲವನ್ನೇ ಆರಿಸಿಕೊಂಡು ಪಾಕವನ್ನು ಮುಂದಕ್ಕೆ ಒಯ್ಯಬೇಕು. ತಣ್ಣೀರಿಗೆ ಬಿಟ್ಟ ಹನಿ ಕರಗದೆ ಕೂತು, ಬೆರಳಿನಲ್ಲಿ ಮೆತ್ತನೆಯ ಉಂಡೆಯಾದಾಗ ಕಾಯಿತುರಿ ಹಾಕಿ, ಬಾಣಲೆಯ ಬದಿ ಬಿಟ್ಟು ಒಟ್ಟಾಗುವವರೆಗೆ ಕೈ ಬಿಡದೆ ತಿರುವಬೇಕು. ಕಡಲೆಕಾಯಿ ಚಿಕ್ಕಿಗಾದರೆ ಹದ ಇನ್ನೂ ಮುಂದಿನದು, ನೀರಿನಲ್ಲಿ ಗಟ್ಟಿಯಾದ ಹನಿಯನ್ನು ತಟ್ಟೆಗೆ ಎಸೆದರೆ ಟಣ್ ಎನ್ನಬೇಕು. ಮೆತ್ತನೆಯ ಬೆಲ್ಲ ಆ ಹದಕ್ಕೆ ಬರುವ ಮೊದಲೇ ಸೀದು ಕಹಿಯಾಗುತ್ತದೆ. ಅಂಥ ಬೆಲ್ಲ ಮನೆಯಲ್ಲಿದ್ದರೆ ಅದನ್ನು ಮೇಲಿನ ಮೊಸರಿನ ಕೇಕಿಗೋ ಹೂರಣಕ್ಕೋ ಇಟ್ಟುಕೊಳ್ಳಿ, ಪಾಕದ ತಿಂಡಿಗೆ ಬೇರೆ ಬೆಲ್ಲ ತನ್ನಿ.