ಆರು ಗಂಟೆ ಯಾವಾಗಿನಿಂದ ಶುರು?

ಜಮೀನಿನ ಕ್ರಯಪತ್ರ ಕೈಗೆ ಬಂದರೆ ಪಳಗಿದವರು ಅದನ್ನು ಮೊದಲ ಪುಟದಿಂದ ಓದುವುದಿಲ್ಲ. ನೇರವಾಗಿ ಷೆಡ್ಯೂಲಿಗೆ ಹೋಗಿ ಚೆಕ್ಕುಬಂದಿ ನೋಡುತ್ತಾರೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ ಎಂಬುದು ತಾಳೆಯಾಗದಿದ್ದರೆ ಉಳಿದ ಪುಟಗಳಲ್ಲಿ ಎಷ್ಟು ಚಂದದ ಮಾತು ಬರೆದಿದ್ದರೂ ಪ್ರಯೋಜನವಿಲ್ಲ.

ಬ್ಯಾಂಕು, ಆಸ್ಪತ್ರೆ, ವಿಮಾ ಕಂಪನಿಗಳ ಮಾಹಿತಿ ಭದ್ರತಾ ವಿಭಾಗದಲ್ಲಿ ಕೂತವರದ್ದೂ ಹೆಚ್ಚುಕಡಿಮೆ ಇದೇ ಕೆಲಸ. ನಾವು ಬ್ಯಾಂಕಿಗೆ ಕೊಟ್ಟ ಹೆಸರು, ಫೋನ್ ನಂಬರು, ಸಂಬಳದ ಚೀಟಿ ಬ್ಯಾಂಕಿನ ಕಂಪ್ಯೂಟರಿನಲ್ಲೇ ಇರುತ್ತವೆ ಎಂದೇನೂ ಇಲ್ಲ. ಸಾಲದ ಅರ್ಜಿ ಪಡೆಯುವ ಸಾಫ್ಟ್‌ವೇರನ್ನು ಹೊರಗಿನ ಒಂದು ಕಂಪನಿ ನಡೆಸಿಕೊಡುತ್ತಿರಬಹುದು. ಅಂಥ ಕಂಪನಿಗೆ ಇವರ ಬಾಯಲ್ಲಿ ವೆಂಡರ್ ಎಂದು ಹೆಸರು. ವೆಂಡರ್ ನಮ್ಮ ಮಾಹಿತಿಯನ್ನು ಏನು ಮಾಡಬಹುದು, ಅದು ಸೋರಿದರೆ ಬ್ಯಾಂಕಿಗೆ ಯಾವಾಗ ಹೇಳಬೇಕು ಎಂಬುದೆಲ್ಲ ಕರಾರುಪತ್ರದಲ್ಲಿ ಇರುತ್ತದೆ. ಆ ಸಾಲುಗಳನ್ನು ಹೆಕ್ಕಿ ತೆಗೆದು ಒಂದು ಹಾಳೆಗೆ ಇಳಿಸುವುದೇ ಕೆಲಸ. ಮಧ್ಯಾಹ್ನದ ಊಟದೊಳಗೆ ಮುಗಿಯುವಂಥದ್ದು ಎಂದು ಹೊಸಬರು ಅಂದುಕೊಳ್ಳುತ್ತಾರೆ.

ಒಂದು ಬ್ಯಾಂಕು, ಒಬ್ಬ ವೆಂಡರ್ ಎಂದು ಇಟ್ಟುಕೊಂಡು ನೋಡೋಣ. ಕಡತದಲ್ಲಿ ಮೂರು ಕಾಗದಗಳಿವೆ. 2019ರ ಮೂಲ ಕರಾರು, 2023ರಲ್ಲಿ ಸೇರಿಸಿದ ಮಾಹಿತಿ ಸಂರಕ್ಷಣೆಯ ಅನುಬಂಧ, ಮತ್ತು ದರ ಬರೆದ ಆರ್ಡರ್ ಫಾರಂ. ಮೂಲ ಕರಾರಿನ ಪಿಡಿಎಫ್ ತೆರೆದು ‘ಬ್ರೀಚ್’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಇಲ್ಲಿ ಎಡವುವವರು ಬಹಳ. ಸಹಿ ಹಾಕಿದ ಪ್ರತಿ ಸಾಮಾನ್ಯವಾಗಿ ಸ್ಕ್ಯಾನ್ ಮಾಡಿದ್ದು, ಅಂದರೆ ಪುಟಗಳ ಫೋಟೊ. ಫೋಟೊದಲ್ಲಿ ಕಂಪ್ಯೂಟರಿಗೆ ಅಕ್ಷರವೇ ಕಾಣುವುದಿಲ್ಲ. ಹಾಗಾಗಿ ಮೊದಲು, ಕರಾರಿನಲ್ಲಿ ಇದ್ದೇ ಇರುವ ‘ಅಗ್ರಿಮೆಂಟ್’ನಂಥ ಒಂದು ಪದವನ್ನು ಹುಡುಕಬೇಕು. ಅದೂ ಸಿಗದಿದ್ದರೆ ಕಾಗದದಲ್ಲಿ ಷರತ್ತಿಲ್ಲ ಎಂದಲ್ಲ, ಹುಡುಕಾಟವೇ ನಡೆದಿಲ್ಲ ಎಂದರ್ಥ. ಅಕ್ಷರ ಗುರುತಿಸುವ ಸಾಫ್ಟ್‌ವೇರಿನಿಂದ ಪಠ್ಯ ತೆಗೆದು ಮತ್ತೆ ಶುರು ಮಾಡಬೇಕು.

ಪಠ್ಯ ಸಿಕ್ಕ ಮೇಲೂ ‘ಬ್ರೀಚ್’ ಪದ ಎರಡೇ ಕಡೆ ಸಿಗುತ್ತದೆ, ಎರಡೂ ಕರಾರು ಮುರಿದರೆ ಏನು ಎಂಬ ಕಾನೂನಿನ ಅರ್ಥದಲ್ಲಿ. ಮಾಹಿತಿ ಸೋರಿಕೆಗೆ ಈ ಕರಾರು ಬಳಸುವ ಹೆಸರು ‘ಸೆಕ್ಯುರಿಟಿ ಇನ್ಸಿಡೆಂಟ್’. ಆ ಹೆಸರಿನಡಿ ಏನೇನು ಬರುತ್ತದೆ ಎಂಬುದು ವ್ಯಾಖ್ಯಾನಗಳ ಪಟ್ಟಿಯಲ್ಲಿದೆ. ಚೆಕ್ಕುಬಂದಿ ಎಂದೆನಲ್ಲ, ಅದು ಇದೇ. ವೆಂಡರ್ ‘ದೃಢಪಡಿಸಿಕೊಂಡ’ ಅನಧಿಕೃತ ಪ್ರವೇಶ ಮಾತ್ರ ಸೆಕ್ಯುರಿಟಿ ಇನ್ಸಿಡೆಂಟ್ ಎಂದು ಅಲ್ಲಿ ಬರೆದಿದೆ. ಶಂಕೆ ಅದರೊಳಗೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಒಂದೇ ಪದ, ಆದರೆ ಇಡೀ ಕರಾರಿನಲ್ಲಿ ಇಷ್ಟು ದುಬಾರಿ ಪದ ಇನ್ನೊಂದಿಲ್ಲ.

ಅದು ಯಾಕೆ ದುಬಾರಿ ಎಂದು ತಿಳಿಯಲು ಹೊರಗಿನ ಗಡಿಯಾರಗಳನ್ನು ನೋಡಬೇಕು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ರಿಸರ್ವ್ ಬ್ಯಾಂಕು 2023ರ ಏಪ್ರಿಲ್‌ನಲ್ಲಿ ಐಟಿ ಸೇವೆಗಳ ಹೊರಗುತ್ತಿಗೆಗೆಂದೇ ಒಂದು ನಿರ್ದೇಶನ ಹೊರಡಿಸಿತು. ಅದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅಲ್ಲಿಯೂ 6 ಗಂಟೆಯೇ. ಆದರೆ ಎಣಿಕೆ ಶುರುವಾಗುವುದು ಬ್ಯಾಂಕಿಗೆ ಗೊತ್ತಾದಾಗಿನಿಂದಲ್ಲ, ಹೊರಗಿನ ಸೇವಾದಾರ ಪತ್ತೆ ಹಚ್ಚಿದಾಗಿನಿಂದ. ಬ್ಯಾಂಕು ಇನ್ನೂ ಕಣ್ಣು ಬಿಡುವ ಮೊದಲೇ ಅದರ ಗಡಿಯಾರ ಓಡುತ್ತಿರುತ್ತದೆ. ವೆಂಡರ್ ಅನಗತ್ಯ ವಿಳಂಬವಿಲ್ಲದೆ ತಿಳಿಸುವಂತೆ ನೋಡಿಕೊಳ್ಳುವುದು ಬ್ಯಾಂಕಿನದೇ ಹೊಣೆ ಎಂದೂ ಅದೇ ಸಾಲು ಹೇಳುತ್ತದೆ.

ಈಗ 2023ರ ಅನುಬಂಧಕ್ಕೆ ಬನ್ನಿ. ಅದರಲ್ಲಿ ‘24 ಗಂಟೆಯೊಳಗೆ ತಿಳಿಸತಕ್ಕದ್ದು’ ಎಂದು ಸ್ಪಷ್ಟವಾಗಿದೆ. ಅವಸರದವರು ಹಾಳೆಯ ಮೇಲೆ ‘24 ಗಂಟೆ’ ಎಂದು ಬರೆದು, ಇದು 6ಕ್ಕಿಂತ ಹೆಚ್ಚಾಯಿತು ಎಂದು ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಾರೆ. ಕೆಂಪು ಗೆರೆ ಸರಿ, ಅಂಕಿ ತಪ್ಪು. 2019ರ ಮೂಲ ಕರಾರಿನಲ್ಲಿ ಇದೇ ವಿಷಯಕ್ಕೆ ಇನ್ನೊಂದು ಷರತ್ತಿದೆ: ಘಟನೆ ದೃಢಪಟ್ಟ ಮೇಲೆ ಎರಡು ಕೆಲಸದ ದಿನಗಳೊಳಗೆ ತಿಳಿಸತಕ್ಕದ್ದು. ಇವೆರಡರಲ್ಲಿ ಯಾವುದು ನಡೆಯುತ್ತದೆ? ಅದಕ್ಕೆ ಉತ್ತರ ಕೊನೆಯಲ್ಲಿ, ಸಾಮಾನ್ಯ ಷರತ್ತುಗಳು ಎಂಬ, ಯಾರೂ ಓದದ ಭಾಗದಲ್ಲಿದೆ. ದಾಖಲೆಗಳ ನಡುವೆ ವಿರೋಧ ಬಂದರೆ ಮೂಲ ಕರಾರಿನದೇ ಮೇಲುಗೈ ಎಂದು ಅಲ್ಲಿ ಬರೆದಿದೆ. 2023ರಲ್ಲಿ ಕಷ್ಟಪಟ್ಟು ಚೌಕಾಸಿ ಮಾಡಿ ಪಡೆದ 24 ಗಂಟೆಯನ್ನು 2019ರ ಒಂದು ಸಾಲು ನುಂಗಿ ನೀರು ಕುಡಿದಿದೆ.

ಈ ಮೂರು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ಲೆಕ್ಕ ಹಾಕಬೇಕು. ಶುಕ್ರವಾರ ಸಂಜೆ 7 ಗಂಟೆಗೆ ವೆಂಡರಿನ ಎಂಜಿನಿಯರ್ ಒಬ್ಬರಿಗೆ, ಅರ್ಜಿದಾರರ ಕಡತಗಳು ಗೊತ್ತಿಲ್ಲದ ಕಡೆಗೆ ಹೋಗುತ್ತಿರುವುದು ಪತ್ತೆಯಾಗುತ್ತದೆ. ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಗಡುವು ಶುಕ್ರವಾರ ರಾತ್ರಿ ಕಳೆದು 1 ಗಂಟೆ. ಕರಾರಿನ ಲೆಕ್ಕದಲ್ಲಿ ಇನ್ನೂ ಏನೂ ಆಗಿಲ್ಲ, ಯಾಕೆಂದರೆ ದೃಢಪಟ್ಟಿಲ್ಲ. ದೃಢಪಡಿಸಲು ಎಷ್ಟು ಹೊತ್ತು ತೆಗೆದುಕೊಳ್ಳಬಹುದು ಎಂಬುದಕ್ಕೆ ಮಿತಿಯೂ ಇಲ್ಲ. ತನಿಖೆ ಮುಗಿದು ಮಂಗಳವಾರ ಮಧ್ಯಾಹ್ನ 12ಕ್ಕೆ ದೃಢಪಟ್ಟಿತು ಎನ್ನಿ. ಅಲ್ಲಿಂದ ಎರಡು ಕೆಲಸದ ದಿನ ಎಂದರೆ ಗುರುವಾರ ಮಧ್ಯಾಹ್ನ. ಒಟ್ಟು 137 ಗಂಟೆ. ಅಷ್ಟಾದರೂ ವೆಂಡರ್ ಕರಾರನ್ನು ಒಂದಿಷ್ಟೂ ಮುರಿದಿಲ್ಲ. ಹಾಳೆಯ ಮೇಲೆ ಬರೆಯಬೇಕಾದದ್ದು ‘24 ಗಂಟೆ’ ಎಂದಲ್ಲ, ‘ಮಿತಿಯಿಲ್ಲ’ ಎಂದು.

ವೆಂಡರ್ ತನ್ನ ಕೆಲಸವನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಟ್ಟಿದ್ದರೆ ಈ ಸರಪಳಿಗೆ ಇನ್ನೊಂದು ಕೊಂಡಿ ಸೇರುತ್ತದೆ. ಒಳಗುತ್ತಿಗೆದಾರನಿಗೂ ಇದೇ ಷರತ್ತು ಅನ್ವಯಿಸುತ್ತದೆ ಎಂಬ ಸಾಲು ಇದೆಯೇ ಎಂದು ಪ್ರತ್ಯೇಕವಾಗಿ ಹುಡುಕಬೇಕು. ಇಲ್ಲದಿದ್ದರೆ ‘ಇಲ್ಲ’ ಎಂದು ಬರೆದು, ಯಾವ ಯಾವ ಪದ ಹಾಕಿ ಹುಡುಕಿದೆವು ಎಂಬುದನ್ನೂ ಬರೆಯಬೇಕು. ಖಾಲಿ ಬಿಟ್ಟ ಜಾಗ ನೋಡಿದರೆ, ಹುಡುಕಿ ಸಿಗಲಿಲ್ಲವೋ ಹುಡುಕಲೇ ಇಲ್ಲವೋ ಎಂದು ಮುಂದಿನವರಿಗೆ ಗೊತ್ತಾಗುವುದಿಲ್ಲ.

ಹಾಳೆಗೆ ಇಳಿಸುವಾಗ ಸಾಲನ್ನು ಇದ್ದ ಹಾಗೆಯೇ ಎತ್ತಬೇಕು, ಪುಟ ಮತ್ತು ಷರತ್ತಿನ ಸಂಖ್ಯೆಯ ಸಮೇತ. ಸಾರಾಂಶ ಬರೆಯುವುದು ಅದರ ಪಕ್ಕದ ಅಂಕಣದಲ್ಲಿ. ಈ ಶಿಸ್ತು ಯಾಕೆ ಎಂದು ನಮ್ಮ ಕಾನೂನಿನ ಕನ್ನಡವೇ ಹೇಳಿಕೊಡುತ್ತದೆ. ‘ತಿಳಿಸತಕ್ಕದ್ದು’ ಎಂಬುದು ಕಟ್ಟಳೆ. ‘ತಿಳಿಸಲು ಸೂಕ್ತ ಪ್ರಯತ್ನ ಮಾಡತಕ್ಕದ್ದು’ ಎಂದರೆ ಪ್ರಯತ್ನ ಮಾಡಿದರೆ ಸಾಕು, ತಿಳಿಸದಿದ್ದರೂ ನಡೆಯುತ್ತದೆ. ಸಾರಾಂಶ ಬರೆಯುವವರು ಎರಡನ್ನೂ ‘ವೆಂಡರ್ ತಿಳಿಸುತ್ತಾನೆ’ ಎಂದು ಒಂದೇ ಮಾಡಿಬಿಡುತ್ತಾರೆ.

ಸೋರಿಕೆಯ ಷರತ್ತಿಗೆ ಕನಿಷ್ಠ ಒಂದು ಹೆಸರಾದರೂ ಇರುತ್ತದೆ. ಮಾಹಿತಿಯ ಬಳಕೆಯ ಷರತ್ತು ಬೇರೆಯವರ ಮನೆಯಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ನಮ್ಮ ಅನುಬಂಧದಲ್ಲಿ, ಬ್ಯಾಂಕು ಹೇಳಿದ ಕೆಲಸಕ್ಕೆ ಮಾತ್ರ ಮಾಹಿತಿ ಬಳಸತಕ್ಕದ್ದು ಎಂದು ಗಟ್ಟಿಯಾಗಿಯೇ ಇದೆ. ಆದರೆ ಮೂಲ ಕರಾರಿನಲ್ಲಿ ಬೌದ್ಧಿಕ ಆಸ್ತಿಯ ಭಾಗ ಓದಿದರೆ, ಸೇವೆ ಉತ್ತಮಪಡಿಸಲು ‘ಗುರುತು ತೆಗೆದ’ ಮಾಹಿತಿಯನ್ನು ಬಳಸುವ ಶಾಶ್ವತ ಹಕ್ಕು ವೆಂಡರಿಗಿದೆ ಎಂಬ ಮಾತು ಸಿಗುತ್ತದೆ. ಗುರುತು ತೆಗೆಯುವುದು ಎಂದರೆ ಏನು ಎಂಬ ವ್ಯಾಖ್ಯಾನ ಎಲ್ಲೂ ಇಲ್ಲ. ಹೆಸರು ತೆಗೆದು ಪಿನ್‌ಕೋಡ್, ಹುಟ್ಟಿದ ದಿನ, ಸಂಬಳ ಉಳಿಸಿದರೆ ಸಣ್ಣ ಊರಿನಲ್ಲಿ ಅದು ಯಾರದೆಂದು ಹೇಳುವುದು ಕಷ್ಟವೇನಲ್ಲ. ಕರಾರು ಮುಗಿದ ಮೇಲೆ 30 ದಿನದಲ್ಲಿ ಮಾಹಿತಿ ಅಳಿಸತಕ್ಕದ್ದು ಎಂಬ ಷರತ್ತಿಗೂ ಒಂದು ಬಾಲವಿದೆ. ಬ್ಯಾಕಪ್ ಪ್ರತಿಗಳು ವೆಂಡರಿನ ವೆಬ್‌ಸೈಟಿನಲ್ಲಿರುವ ನೀತಿಯಂತೆ ಉಳಿಯುತ್ತವೆ. ಆ ನೀತಿಯನ್ನು ವೆಂಡರ್ ಯಾವಾಗ ಬೇಕಾದರೂ ಬದಲಿಸಬಹುದು. ಇಂಥ ಕಡೆ ಆ ದಿನದ ಪುಟವನ್ನು ತಾರೀಖಿನ ಸಮೇತ ಉಳಿಸಿಟ್ಟು ಹಾಳೆಗೆ ಲಗತ್ತಿಸುವುದು ವಾಡಿಕೆ.

ಕರಾರು ಹೀಗಿದ್ದ ಮೇಲೆ ತಪ್ಪು ವೆಂಡರಿನದು ಎಂದು ಬ್ಯಾಂಕು ಕೈ ತೊಳೆದುಕೊಳ್ಳಬಹುದೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 8ನೇ ಸೆಕ್ಷನ್ ಆ ದಾರಿ ಮುಚ್ಚಿದೆ. ಕರಾರಿನಲ್ಲಿ ಏನೇ ಇದ್ದರೂ, ಪರವಾಗಿ ಮಾಹಿತಿ ಸಂಸ್ಕರಿಸುವವರ ಕೆಲಸಕ್ಕೂ ಮಾಹಿತಿ ಪಡೆದ ಸಂಸ್ಥೆಯೇ ಜವಾಬ್ದಾರಿ. ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿವರೆಗೆ ದಂಡಕ್ಕೆ ಅವಕಾಶವಿದೆ. 2025ರ ನವೆಂಬರಿನಲ್ಲಿ ಬಂದ ನಿಯಮಗಳು ಬಾಧಿತರಿಗೂ ಮಂಡಳಿಗೂ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಮಂಡಳಿಗೆ ವಿವರ ಒಪ್ಪಿಸಬೇಕು ಎನ್ನುತ್ತವೆ. ಸಂಸ್ಥೆಗಳಿಗೆ ಸಿದ್ಧವಾಗಲು 18 ತಿಂಗಳ ಸಮಯ ಕೊಟ್ಟಿದೆ. ಹಳೆಯ ಕರಾರುಗಳನ್ನು ಕಪಾಟಿನಿಂದ ಇಳಿಸಿ ಧೂಳು ಕೊಡವುತ್ತಿರುವುದಕ್ಕೆ ಇದೂ ಒಂದು ಕಾರಣ.

ಹಾಳೆ ಮುಗಿದ ಮೇಲೆ ಅದು ವೆಂಡರಿನ ಮುಂದೆ ಹೋಗುತ್ತದೆ. ಅವರ ಮೊದಲ ಮಾತು ಹೆಚ್ಚಾಗಿ ಇದೇ: ‘ದಿನಕ್ಕೆ ನೂರು ಸುಳ್ಳು ಎಚ್ಚರಿಕೆ ಬರುತ್ತವೆ ಸರ್, ಎಲ್ಲಕ್ಕೂ ನಿಮ್ಮನ್ನು ಎಬ್ಬಿಸೋದಾ?’ ಮಾತಿನಲ್ಲಿ ನಿಜವಿದೆ. ಅದರ ಹಿಂದೆ ಹೇಳದ ಇನ್ನೊಂದು ಅಂಜಿಕೆಯೂ ಇದೆ, ಬೇಗ ಹೇಳಿದರೆ ತಪ್ಪೊಪ್ಪಿಕೊಂಡ ಹಾಗಾದೀತು ಎಂಬುದು. ಹೀಗಾಗಿ ತಿದ್ದುಪಡಿಯನ್ನು ಎರಡು ಹಂತ ಮಾಡುವುದು ರೂಢಿ. ಬ್ಯಾಂಕಿನ ಮಾಹಿತಿಗೆ ಧಕ್ಕೆಯಾಗಿದೆ ಎನ್ನಲು ಸಕಾರಣವಾದ ಶಂಕೆ ಮೂಡಿದ 2 ಗಂಟೆಯೊಳಗೆ ಒಂದು ಚಿಕ್ಕ ಸೂಚನೆ. ಏನು ಕಂಡಿತು, ಯಾವಾಗ, ಯಾವ ವ್ಯವಸ್ಥೆಯಲ್ಲಿ, ಇಷ್ಟೇ. ವಿವರ ಆಮೇಲೆ. ಸೂಚನೆ ಕೊಟ್ಟದ್ದು ತಪ್ಪೊಪ್ಪಿಗೆಯಲ್ಲ ಎಂಬ ಒಂದು ವಾಕ್ಯವನ್ನೂ ಸೇರಿಸಿದರೆ ವೆಂಡರಿನ ವಕೀಲರ ಮುಖ ಸಡಿಲವಾಗುತ್ತದೆ. ಈ ವಿಷಯದಲ್ಲಿ ಅನುಬಂಧದ್ದೇ ಮೇಲುಗೈ ಎಂಬ ಸಾಲನ್ನು ಮಾತ್ರ ಮರೆಯಬಾರದು, ಇಲ್ಲವಾದರೆ 2019ರ ಷರತ್ತು ಇದನ್ನೂ ನುಂಗುತ್ತದೆ. ಇಷ್ಟಾದರೂ ಕೈಗೆ ಬಂದದ್ದು ಮಾತು ಮಾತ್ರ. ರಾತ್ರಿ ಪಾಳಿಯಲ್ಲಿ ಆ ಎಚ್ಚರಿಕೆ ನೋಡುವವರು ಯಾರಾದರೂ ಇದ್ದಾರೆಯೇ ಎಂಬುದನ್ನು ಹೋಗಿ ನೋಡಿಯೇ ತಿಳಿಯಬೇಕು.

ಕೊನೆಗೆ ನೋಡುವುದು ನೋಟಿಸಿನ ಷರತ್ತು. ಇದನ್ನು ಭದ್ರತೆಯ ಷರತ್ತೆಂದು ಯಾರೂ ಎಣಿಸುವುದಿಲ್ಲ. ನಮ್ಮ ಬ್ಯಾಂಕಿನ ಕರಾರಿನಲ್ಲಿ, ಎಲ್ಲ ನೋಟಿಸುಗಳನ್ನೂ ಕೊರಿಯರ್ ಮೂಲಕವೇ ಕಳಿಸತಕ್ಕದ್ದು, ಕಳಿಸಿದ ಮೂರನೆಯ ಕೆಲಸದ ದಿನ ತಲುಪಿತೆಂದು ಭಾವಿಸತಕ್ಕದ್ದು ಎಂದಿದೆ. ಗುರುವಾರ ಹೊರಟ ಲಕೋಟೆ ಕರಾರಿನ ಪ್ರಕಾರ ತಲುಪುವುದು ಮುಂದಿನ ಮಂಗಳವಾರ. ಕೆಳಗೆ ಬರೆದಿರುವ ವಿಳಾಸ, ಬ್ಯಾಂಕು 2021ರಲ್ಲಿ ಖಾಲಿ ಮಾಡಿದ ಬಾಡಿಗೆ ಕಟ್ಟಡದ್ದು.