ಎಣ್ಣಿ ಬತ್ತಿ ಹೋಗಿ ಬೆಣ್ಣಿ ಅತ್ತಿ ಬಂತು

“ದೀಪಾ ಹಚ್ಚಬೇಕು, ಬೆಣ್ಣಿ ಅತ್ತಿ ತಗೊಂಡ ಬಾ.” ಶಾಲೆಯ ಗೋಡೆಪತ್ರಿಕೆಯ ನಗೆ ಅಂಕಣದಲ್ಲಿ ಹೀಗೊಂದು ಸಾಲಿದ್ದರೆ ಇಳಕಲ್ಲಿನ ಹುಡುಗರು ಎರಡು ಸಲ ನಗುತ್ತಾರೆ. ಒಮ್ಮೆ ಬೆಣ್ಣೆಯಂಥ ಅತ್ತೆಯನ್ನು ನೆನೆದು, ಇನ್ನೊಮ್ಮೆ ಅದು ‘ಎಣ್ಣಿ ಬತ್ತಿ’ ಎಂದು ಹೊಳೆದಾಗ. ಬೆಂಗಳೂರಿನ ಓದುಗರಿಗೆ ಅತ್ತಿ ಅಂದರೆ ಬರೀ ಮರ, ಅರ್ಧ ನಗು ಅಲ್ಲೇ ಸೋರಿಹೋಯಿತು. ‘ಮಳೀ ಹನಿ’ ತಿರುಗಿ ‘ಹಳೀ ಮನಿ’ ಆಗುವುದೂ ಮನೆಯನ್ನು ಮನಿ ಎನ್ನುವ ಈ ಸೀಮೆಯಲ್ಲಿ ಮಾತ್ರ.

ಎರಡು ಪದಗಳ ಮೊದಲ ಸದ್ದನ್ನು ಹೀಗೆ ಅದಲುಬದಲು ಮಾಡುವ ಆಟಕ್ಕೆ ಸ್ಪೂನರಿಸಂ ಎಂಬ ಹೆಸರು ಬಂದದ್ದು ಆಕ್ಸ್‌ಫರ್ಡಿನ ನ್ಯೂ ಕಾಲೇಜಿನ ಮುಖ್ಯಸ್ಥರಾಗಿದ್ದ ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ (1844–1930) ಅವರಿಂದ. ಅವರ ನಾಲಿಗೆ ತೊಡರಿದ್ದೆಂದು ಹೇಳುವ ಮಾತುಗಳಲ್ಲಿ ಹೆಚ್ಚಿನವು ಬೇರೆಯವರು ಕೂತು ಕಟ್ಟಿದವು. ಹಾಗಾಗಿ ನಾವೂ ಕೂತು ಕಟ್ಟಲು ಸಂಕೋಚವೇನಿಲ್ಲ.

ಕನ್ನಡದಲ್ಲಿ ಕಟ್ಟಲು ಎರಡು ದಾರಿಗಳಿವೆ. ಸ್ವರವನ್ನು ಇದ್ದಲ್ಲೇ ಬಿಟ್ಟು ವ್ಯಂಜನವನ್ನಷ್ಟೇ ಬದಲಿಸಬಹುದು, ಇಲ್ಲವೇ ಕಾಗುಣಿತ ಸಮೇತ ಇಡೀ ಅಕ್ಷರವನ್ನೇ ಎತ್ತಿಡಬಹುದು. ‘ಹಾಡು ಕೇಳು’ ತೆಗೆದುಕೊಳ್ಳಿ. ವ್ಯಂಜನ ಬದಲಿಸಿದರೆ ‘ಕಾಡು ಹೇಳು’, ಅಕ್ಷರವನ್ನೇ ಬದಲಿಸಿದರೆ ‘ಕೇಡು ಹಾಳು’. ಎರಡೂ ದಾರಿಯಲ್ಲಿ ಅರ್ಥವುಳ್ಳ ಪದಗಳೇ ಸಿಗುವುದು ಅಪರೂಪ. ‘ಕಣ್ಣು ಹುಬ್ಬು’ ನೋಡಿ: ಮೊದಲ ದಾರಿಯಲ್ಲಿ ‘ಹಣ್ಣು ಕುಬ್ಬು’ ಎಂದು ಕುಂಟುತ್ತದೆ, ಎರಡನೆಯದರಲ್ಲಿ ‘ಹುಣ್ಣು ಕಬ್ಬು’ ಎಂದು ನೆಟ್ಟಗೆ ನಿಲ್ಲುತ್ತದೆ. ಒಂದು ದಾರಿ ಕೈಕೊಟ್ಟರೆ ಇನ್ನೊಂದನ್ನು ನೋಡದೆ ಪದವನ್ನು ಬಿಸಾಡಬಾರದು.

ವಾರವಾರ ಅಂಕಣ ತುಂಬಿಸಬೇಕಾದವರು ನುಡಿಗಟ್ಟಿನಿಂದ ಶುರು ಮಾಡಿದರೆ ಬೇಗ ಸುಸ್ತಾಗುತ್ತಾರೆ. ಮೊದಲು ಹ ಮತ್ತು ಕ ಅದಲುಬದಲಾದರೂ ಬದುಕುವ ಪದಗಳನ್ನು ಪಟ್ಟಿ ಮಾಡಿಕೊಳ್ಳಲಿ. ಹಾಲು–ಕಾಲು, ಹಲ್ಲು–ಕಲ್ಲು, ಹಣ್ಣು–ಕಣ್ಣು, ಹಾಸು–ಕಾಸು, ಹತ್ತು–ಕತ್ತು. ಒಂದು ಜೋಡಿಯಿಂದ ಹಕಾರದ ಪದ, ಇನ್ನೊಂದರಿಂದ ಕಕಾರದ ಪದ ಆಯ್ದರೆ ಸಾಕು, ಅರ್ಥವಿಲ್ಲದ ಪದ ಬರುವುದೇ ಇಲ್ಲ. ‘ಹಲ್ಲು ಕಣ್ಣು’ ಹೋಗಿ ‘ಕಲ್ಲು ಹಣ್ಣು’ ಬಂತು. ಆದರೆ ‘ಹಾಲು ಕಾಸು’ ಅದಕ್ಕಿಂತ ಮೇಲು, ಏಕೆಂದರೆ ಮನೆಯಲ್ಲಿ ದಿನಾ ಕಿವಿಗೆ ಬೀಳುವ ಮಾತು ಅದು. “ಅವ್ವ ಕಾಲು ಹಾಸು ಅಂದ್ಲು, ಹಾಸಿ ಕುಂತೆ, ಬೈದ್ಲು” ಎಂದು ಪ್ರಸಂಗ ಹೆಣೆದರೆ ಮೂಲ ಯಾವುದೆಂದು ಓದುಗರೇ ಹುಡುಕಿಕೊಳ್ಳುತ್ತಾರೆ. ಇಂಥ ಪ್ರಸಂಗವಿಲ್ಲದ ಜೋಡಿ ಬರೀ ಲೆಕ್ಕ.

ಪೂರ್ತಿ ಪ್ರಾಸಬದ್ಧ ಪದಗಳಿಂದ ಪ್ರಯೋಜನವಿಲ್ಲ. ‘ಹಗ್ಗ ಮಗ್ಗ’ ತಿರುಗಿಸಿದರೆ ‘ಮಗ್ಗ ಹಗ್ಗ’, ಅಷ್ಟೆ. ಇನ್ನು ನೇಕಾರರ ಊರೆಂದು ‘ಸೀರೆ ನೂಲು’ ಹಿಡಿದರೆ ‘ನೀರೆ ಸೂಲು’ ಬರುತ್ತದೆ. ಎರಡೂ ನಿಘಂಟಿನಲ್ಲಿರುವ ಪದಗಳೇ. ಆದರೆ ಎಮ್ಮೆ ಕಟ್ಟಿದ ಮನೆಯ ಹುಡುಗನಿಗಷ್ಟೇ ಸೂಲು ಗೊತ್ತು, ನೀರೆ ಯಾರಿಗೂ ಬೇಡ. ಅಚ್ಚಿಗೆ ಮುನ್ನ ಪ್ರತಿ ಜೋಡಿಯನ್ನೂ ಮೇಷ್ಟ್ರೊಬ್ಬರು ಗಟ್ಟಿಯಾಗಿ ಓದಿ ನೋಡಬೇಕು. ಕಾಗದದ ಮೇಲೆ ಸಭ್ಯವಾಗಿದ್ದದ್ದು ಬಾಯಲ್ಲಿ ಬೈಗುಳವಾಗುವುದುಂಟು, ಹುಡುಗರು ಅದನ್ನು ಮೇಷ್ಟ್ರಿಗಿಂತ ಮೊದಲೇ ಪತ್ತೆ ಹಚ್ಚುತ್ತಾರೆ.